ಸೈನ್ ಅಲ್ಲದ ಆವರ್ತಕ ಆಕರಕ್ಕೆ ವಿದ್ಯುನ್ಮಂಡಲದ ಪ್ರತಿಕ್ರಿಯೆ

ಒಂದೇ ಆಕಾರವನ್ನು ಸಮಾನ ಕಾಲಾಂತರದಲ್ಲಿ ಮತ್ತೆ ಮತ್ತೆ ತಳೆಯುವ, ಆದರೆ ಶುದ್ಧ ಸೈನ್ ತರಂಗವಲ್ಲದ ವೋಲ್ಟೇಜನ್ನು ಮಂಡಲವೊಂದಕ್ಕೆ ಕೊಟ್ಟಾಗ ಅದರಲ್ಲಿ ಎಂಥ ಕರೆಂಟ್ ಹರಿಯುತ್ತದೆ, ಆ ಕರೆಂಟಿನ ಆರ್‌ಎಂಎಸ್ ಮೌಲ್ಯ ಎಷ್ಟು ಎಂಬುದನ್ನು ಕಂಡುಹಿಡಿಯುವ ವಿಧಾನವೇ ಹಾರ್ಮೋನಿಕ್ ವಿಶ್ಲೇಷಣೆ. ಕೊಟ್ಟ ತರಂಗವನ್ನು ಮೂಲ ಆವರ್ತಾಂಕದ ಒಂದು ಸೈನ್ ಮತ್ತು ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಹೀಗೆ ಪೂರ್ಣಾಂಕ ಪಟ್ಟು ಆವರ್ತಾಂಕದ ಸೈನ್‌ಗಳಾಗಿ ಬಿಡಿಸಿಕೊಳ್ಳಬೇಕು. ಒಂದೊಂದು ಸೈನ್‌ಗೂ ಮಂಡಲ ಕೊಡುವ ಉತ್ತರವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ, ಕೊನೆಗೆ ಎಲ್ಲವನ್ನೂ ಕೂಡಿಸಬೇಕು. ಹೀಗೆ ಬಿಡಿಸಬಹುದೆಂಬ ಗಣಿತ ಫ್ರಾನ್ಸಿನ ಜೋಸೆಫ್ ಫೂರಿಯೆ 1822ರಲ್ಲಿ ಪ್ರಕಟಿಸಿದ ಉಷ್ಣವಾಹಕತೆಯ ಗ್ರಂಥದಿಂದ ಬಂದದ್ದು. ಒಂದೊಂದು ಆವರ್ತಾಂಕದಲ್ಲಿ ಮಂಡಲವನ್ನು ಮಿಶ್ರ ಸಂಖ್ಯೆಗಳಿಂದ ಬಿಡಿಸುವ ಸುಲಭ ದಾರಿಯನ್ನು ಚಾರ್ಲ್ಸ್ ಸ್ಟೈನ್‌ಮೆಟ್ಜ್ 1893ರಲ್ಲಿ ಇಂಜಿನಿಯರುಗಳ ಮುಂದಿಟ್ಟರು. ಇವೆರಡೂ ಸೇರಿದ್ದೇ ಇಂದಿನ ವಿಧಾನ.

ಈ ವಿಷಯವನ್ನು ಸಾಮಾನ್ಯವಾಗಿ ಚೌಕ ತರಂಗ ಮತ್ತು ಒಂದು ರೋಧ, ಒಂದು ಇಂಡಕ್ಟರ್ ಇಟ್ಟುಕೊಂಡು ಕಲಿಸುತ್ತಾರೆ. ಈ ಲೇಖನ ಅದನ್ನು ಬಿಟ್ಟು, ಹೈದರಾಬಾದಿನಂಥ ನಗರದ ಕಚೇರಿ ಕಟ್ಟಡಗಳಲ್ಲಿ ದಿನವೂ ಎದುರಾಗುವ ಒಂದು ಮಂಡಲವನ್ನು ಆರಿಸಿಕೊಳ್ಳುತ್ತದೆ. ಅದು ಕಟ್ಟಡದ ಟ್ರಾನ್ಸ್‌ಫಾರ್ಮರ್ ಮತ್ತು ಪವರ್ ಫ್ಯಾಕ್ಟರ್ ಸರಿಪಡಿಸಲು ಹಾಕಿದ ಕೆಪಾಸಿಟರ್ ಬ್ಯಾಂಕ್ ಸೇರಿ ಆಗುವ ಸರಣಿ ಮಂಡಲ. ವೋಲ್ಟೇಜಿನಲ್ಲಿ ಶೇಕಡಾ ಒಂದರಷ್ಟಿರುವ ಹಾರ್ಮೋನಿಕ್ ಮೂಲ ಕರೆಂಟಿಗೆ ಸರಿಸಾಟಿಯಾದ ಕರೆಂಟನ್ನು ಹೇಗೆ ಹರಿಸಬಲ್ಲದು ಎಂಬುದು ಇದರಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ತರಂಗ ಕೆಡುವುದು ಎಲ್ಲಿ

ವಿದ್ಯುತ್ ಸ್ಥಾವರದ ಜನರೇಟರ್ ಕೊಡುವ ತರಂಗ ಬಹುಮಟ್ಟಿಗೆ ಶುದ್ಧ ಸೈನ್ ಆಗಿಯೇ ಇರುತ್ತದೆ. ಕೆಡಿಸುವುದು ಬಳಕೆದಾರರ ಉಪಕರಣಗಳು. 1998ರಲ್ಲಿ ಮಾದಾಪುರದಲ್ಲಿ ಸೈಬರ್ ಟವರ್ಸ್ ತೆರೆದ ಮೇಲೆ ಹೈಟೆಕ್ ಸಿಟಿಯ ಸುತ್ತ ಎದ್ದ ಕಚೇರಿಗಳ ಹೊರೆಯನ್ನು ನೋಡಿದರೆ ಅದರಲ್ಲಿ ಕಂಪ್ಯೂಟರ್, ಯುಪಿಎಸ್, ಎಲ್‌ಇಡಿ ದೀಪ, ಲಿಫ್ಟ್ ಮತ್ತು ಹವಾನಿಯಂತ್ರಣ ಯಂತ್ರಗಳ ವೇಗ ನಿಯಂತ್ರಕಗಳೇ ತುಂಬಿವೆ. ಇವೆಲ್ಲವೂ ಒಳಗೆ ಮೊದಲು ಏಸಿಯನ್ನು ಡಿಸಿ ಮಾಡಿಕೊಳ್ಳುತ್ತವೆ. ಆರು ಡಯೋಡುಗಳ ಮೂರು ಫೇಸ್ ರೆಕ್ಟಿಫೈಯರ್ ಎಳೆಯುವ ಕರೆಂಟ್ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಆದರ್ಶ ಸ್ಥಿತಿಯಲ್ಲಿ ಅದರಲ್ಲಿ ಮೂಲದ ಶೇ. 20ರಷ್ಟು 5ನೆಯ, ಶೇ. 14ರಷ್ಟು 7ನೆಯ, ಶೇ. 9ರಷ್ಟು 11ನೆಯ ಹಾರ್ಮೋನಿಕ್ ಇರುತ್ತದೆ, ಅಂದರೆ ಕ್ರಮಾಂಕ ಎಷ್ಟೋ ಅಷ್ಟರಲ್ಲಿ ಒಂದು ಭಾಗ. ಈ ಕರೆಂಟುಗಳು ಕೇಬಲ್, ಟ್ರಾನ್ಸ್‌ಫಾರ್ಮರ್, ಫೀಡರುಗಳ ಇಂಪಿಡೆನ್ಸಿನಲ್ಲಿ ಹಾಯುವಾಗ ಅದೇ ಆವರ್ತಾಂಕದ ವೋಲ್ಟೇಜ್ ಕುಸಿತವಾಗುತ್ತದೆ. ಆ ಕುಸಿತ ಸೈನ್‌ಗೆ ಬೆರೆತು, ಪಕ್ಕದ ಕಟ್ಟಡಕ್ಕೆ ಬರುವ ವೋಲ್ಟೇಜೇ ಸೈನ್ ಅಲ್ಲದ್ದಾಗುತ್ತದೆ. ಸ್ವತಃ ಒಂದು ರೆಕ್ಟಿಫೈಯರೂ ಇಲ್ಲದ ಕಟ್ಟಡಕ್ಕೂ ಈ ತೊಂದರೆ ತಪ್ಪಿದ್ದಲ್ಲ.

ನಗರದಲ್ಲಿ ಇನ್ನೂ ದೊಡ್ಡ ಹೊರೆಗಳಿವೆ. 2017ರ ನವೆಂಬರಿನಲ್ಲಿ ಆರಂಭವಾಗಿ ಈಗ ಸುಮಾರು 69 ಕಿ.ಮೀ. ಉದ್ದಕ್ಕೆ ಓಡುವ ಹೈದರಾಬಾದ್ ಮೆಟ್ರೊ 25 ಕಿಲೋವೋಲ್ಟಿನ ಒಂದು ಫೇಸ್ ಏಸಿಯಿಂದ ನಡೆಯುತ್ತದೆ. ಸಿಕಂದರಾಬಾದ್ ಕೇಂದ್ರವಾಗಿರುವ ದಕ್ಷಿಣ ಮಧ್ಯ ರೈಲ್ವೆಯದೂ ಅದೇ ವೋಲ್ಟೇಜ್. ನಗರದ ಸುತ್ತಿನ ಕೈಗಾರಿಕಾ ಪ್ರದೇಶಗಳ ಕುಲುಮೆಗಳೂ ಇದಕ್ಕೆ ಸೇರುತ್ತವೆ.

ಯಾವ ಹಾರ್ಮೋನಿಕ್ ಇರುತ್ತದೆ, ಯಾವುದು ಇರುವುದಿಲ್ಲ ಎಂಬುದನ್ನು ತರಂಗದ ಆಕಾರವೇ ಹೇಳುತ್ತದೆ. ಋಣ ಅರ್ಧವು ಧನ ಅರ್ಧದ ತಲೆಕೆಳಗಾದ ಪ್ರತಿಯಾಗಿದ್ದರೆ 2, 4, 6ರಂಥ ಸಮ ಕ್ರಮಾಂಕಗಳು ಸೊನ್ನೆಯಾಗುತ್ತವೆ. ನ್ಯೂಟ್ರಲ್ ಇಲ್ಲದ ಮೂರು ತಂತಿಯ 11 ಕಿಲೋವೋಲ್ಟ್ ಫೀಡರಿನಲ್ಲಿ, ಮೂರೂ ಫೇಸ್ ಸಮವಾಗಿದ್ದಾಗ, 3 ಮತ್ತು ಅದರ ಗುಣಕಗಳ ಕರೆಂಟ್ ಹರಿಯಲು ದಾರಿಯಿಲ್ಲ. ಉಳಿದವುಗಳಲ್ಲಿ ಲೆಕ್ಕಕ್ಕೆ ಮುಖ್ಯವಾಗುವುದು 5, 7, 11, 13. ಮುಂದಿನ ಉದಾಹರಣೆಯಲ್ಲಿ ಮೊದಲ ಮೂರನ್ನೇ ತೆಗೆದುಕೊಂಡಿದೆ.

ಒಂದೇ ಮಂಡಲ, ಬೇರೆ ಬೇರೆ ಇಂಪಿಡೆನ್ಸ್

ಮಂಡಲದ ಘಟಕಗಳು ಕರೆಂಟ್ ಎಷ್ಟೇ ಇದ್ದರೂ ತಮ್ಮ ಮೌಲ್ಯ ಬದಲಿಸದಿದ್ದರೆ ಅದು ರೇಖೀಯ ಮಂಡಲ. ಅಂಥ ಮಂಡಲದಲ್ಲಿ ಹಲವು ವೋಲ್ಟೇಜುಗಳು ಒಟ್ಟಿಗೆ ಕೆಲಸ ಮಾಡಿದಾಗಿನ ಕರೆಂಟ್, ಅವು ಒಂಟಿಯಾಗಿ ಕೆಲಸ ಮಾಡಿದಾಗಿನ ಕರೆಂಟುಗಳ ಮೊತ್ತಕ್ಕೆ ಸಮ. ಹಾಗಾಗಿ 50 ಹರ್ಟ್ಸಿನ ಉತ್ತರವನ್ನೂ 250 ಹರ್ಟ್ಸಿನ ಉತ್ತರವನ್ನೂ ಒಂದಕ್ಕೊಂದು ಸಂಬಂಧವಿಲ್ಲದಂತೆ ಬೇರೆ ಬೇರೆ ಲೆಕ್ಕ ಹಾಕಬಹುದು. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಒಂದೇ ಮಂಡಲ ಒಂದೊಂದು ಹಾರ್ಮೋನಿಕ್‌ಗೂ ಒಂದೊಂದು ಬಗೆಯಾಗಿ ಕಾಣುತ್ತದೆ. 50 ಹರ್ಟ್ಸಿನಲ್ಲಿ X_L ಇರುವ ಇಂಡಕ್ಟರಿನ ರಿಯಾಕ್ಟೆನ್ಸ್ n-ನೆಯ ಹಾರ್ಮೋನಿಕ್‌ಗೆ n ಪಟ್ಟು ಹೆಚ್ಚುತ್ತದೆ. ಕೆಪಾಸಿಟರಿನ X_C ಮಾತ್ರ n ಪಟ್ಟು ಕಡಿಮೆಯಾಗುತ್ತದೆ. R, L, C ಸರಣಿಯಲ್ಲಿದ್ದರೆ

Zₙ = √[R² + (nX_L − X_C/n)²],  Iₙ = Vₙ / Zₙ

ಇದರಿಂದ ಇಂಡಕ್ಟರ್ ಇರುವ ಮಂಡಲ ಹಾರ್ಮೋನಿಕ್‌ಗಳನ್ನು ತಡೆದು ಕರೆಂಟನ್ನು ಸೈನ್‌ಗೆ ಹತ್ತಿರ ತರುತ್ತದೆ. ಬರಿಯ ರೋಧದ ಮಂಡಲದಲ್ಲಿ ಕರೆಂಟ್ ವೋಲ್ಟೇಜಿನ ಆಕಾರವನ್ನೇ ತಳೆಯುತ್ತದೆ. ಕೆಪಾಸಿಟರ್ ಮಾತ್ರ ಕೆಡುಕನ್ನು ಹಿಗ್ಗಿಸುತ್ತದೆ: ವೋಲ್ಟೇಜಿನಲ್ಲಿ ಶೇ. 2ರಷ್ಟಿದ್ದ 11ನೆಯ ಹಾರ್ಮೋನಿಕ್ ಕೆಪಾಸಿಟರಿನ ಕರೆಂಟಿನಲ್ಲಿ ಶೇ. 22 ಆಗುತ್ತದೆ. ಇಂಡಕ್ಟರ್ ಮತ್ತು ಕೆಪಾಸಿಟರ್ ಎರಡೂ ಇದ್ದಾಗ nX_L ಮತ್ತು X_C/n ಸಮವಾಗುವ ಒಂದು n ಇದ್ದೇ ಇರುತ್ತದೆ. ಅದು √(X_C/X_L). ಅಲ್ಲಿ ಮಂಡಲ ಅನುರಣಿಸುತ್ತದೆ, ಕರೆಂಟನ್ನು ತಡೆಯಲು ಉಳಿಯುವುದು R ಒಂದೇ. ಈ n ಪೂರ್ಣಾಂಕವಾಗಿರಬೇಕೆಂದಿಲ್ಲ. ತೊಂದರೆ ಬರುವುದು ಅದು ವೋಲ್ಟೇಜಿನಲ್ಲಿ ನಿಜವಾಗಿ ಇರುವ 5, 7 ಅಥವಾ 11ರ ಬಳಿ ಬಂದಾಗ.

ಆರ್‌ಎಂಎಸ್ ಏಕೆ ವರ್ಗಗಳ ಮೊತ್ತ

ಕರೆಂಟಿನ ಆರ್‌ಎಂಎಸ್ ಎಂದರೆ ಅದರ ವರ್ಗದ ಸರಾಸರಿಯ ವರ್ಗಮೂಲ. ರೋಧದಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗವನ್ನು ಅವಲಂಬಿಸುವುದರಿಂದಲೇ ಈ ಮೌಲ್ಯಕ್ಕೆ ಬೆಲೆ. ಹಲವು ಹಾರ್ಮೋನಿಕ್‌ಗಳ ಮೊತ್ತವಾದ ಕರೆಂಟನ್ನು ವರ್ಗ ಮಾಡಿದಾಗ ಎರಡು ಬಗೆಯ ಪದಗಳು ಬರುತ್ತವೆ. ಒಂದು, ಒಂದೊಂದು ಹಾರ್ಮೋನಿಕ್‌ನ ವರ್ಗ. ಇನ್ನೊಂದು, ಎರಡು ಬೇರೆ ಹಾರ್ಮೋನಿಕ್‌ಗಳ ಗುಣಲಬ್ಧ. ಬೇರೆ ಕ್ರಮಾಂಕದ ಎರಡು ಸೈನ್‌ಗಳನ್ನು ಗುಣಿಸಿದರೆ ಬರುವುದು ಅವುಗಳ ಕ್ರಮಾಂಕಗಳ ವ್ಯತ್ಯಾಸದ ಮತ್ತು ಮೊತ್ತದ ಆವರ್ತಾಂಕವುಳ್ಳ ಎರಡು ಕೊಸೈನ್‌ಗಳು. ಮೂಲ ತರಂಗದ ಒಂದು ಪೂರ್ಣ ಆವರ್ತದಲ್ಲಿ, ಅಂದರೆ 20 ಮಿಲಿಸೆಕೆಂಡಿನಲ್ಲಿ, ಅವೆರಡೂ ಸೊನ್ನೆಯ ಮೇಲೆ ಎಷ್ಟು ಹೊತ್ತೋ ಕೆಳಗೆ ಅಷ್ಟೇ ಹೊತ್ತು ಇರುತ್ತವೆ, ಸರಾಸರಿ ಸೊನ್ನೆ. ಉಳಿಯುವುದು ಬಿಡಿ ವರ್ಗಗಳು ಮಾತ್ರ:

I = √(I₀² + I₁² + I₂² + I₃² + …)

I₀ ಎಂಬುದು ಡಿಸಿ ಅಂಶ, ಉಳಿದವು ಆಯಾ ಹಾರ್ಮೋನಿಕ್‌ನ ಆರ್‌ಎಂಎಸ್. ಶಿಖರ ಮೌಲ್ಯಗಳನ್ನು ಹಿಡಿದು ಲೆಕ್ಕ ಮಾಡುವವರು ಡಿಸಿ ಬಿಟ್ಟು ಪ್ರತಿಯೊಂದನ್ನೂ √2ರಿಂದ ಭಾಗಿಸಿಕೊಳ್ಳಬೇಕು. ಪರೀಕ್ಷೆಯ ಉತ್ತರಗಳಲ್ಲಿ ಹೆಚ್ಚು ತಪ್ಪಾಗುವ ಜಾಗವೇ ಇದು: ಡಿಸಿ ಅಂಶವನ್ನೂ √2ರಿಂದ ಭಾಗಿಸಿಬಿಡುತ್ತಾರೆ.

ಈ ಸೂತ್ರದಲ್ಲಿ ಕೋನಗಳು ಇಲ್ಲ. ಹಾರ್ಮೋನಿಕ್‌ಗಳು ಒಂದಕ್ಕೊಂದು ಯಾವ ಕೋನದಲ್ಲಿ ನಿಂತರೂ ಆರ್‌ಎಂಎಸ್ ಬದಲಾಗುವುದಿಲ್ಲ, ಬದಲಾಗುವುದು ತರಂಗದ ಆಕಾರ ಮತ್ತು ಶಿಖರ. ಶಾಖದ ಲೆಕ್ಕಕ್ಕೆ ಆರ್‌ಎಂಎಸ್ ಸಾಕು. ಆದರೆ ನಿರೋಧಕ ಪದರ ತಡೆಯುತ್ತದೆಯೇ ಎಂಬ ಪ್ರಶ್ನೆಗೆ ಶಿಖರ ಬೇಕು, ಆಗ ಕೋನಗಳನ್ನೂ ಲೆಕ್ಕಕ್ಕೆ ತರಬೇಕು.

ಮಾದಾಪುರದ ಒಂದು ಕಟ್ಟಡವೆಂದುಕೊಂಡು

ಮುಂದಿನ ಅಂಕಿಗಳು ಯಾವುದೇ ನಿರ್ದಿಷ್ಟ ಕಟ್ಟಡದವಲ್ಲ. ಆದರೆ ಗಾತ್ರಗಳು ಅಂಥ ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವಂಥವೇ. 11 ಕಿಲೋವೋಲ್ಟಿನಿಂದ 433 ವೋಲ್ಟಿಗೆ ಇಳಿಸುವ 500 ಕೆವಿಎ ಟ್ರಾನ್ಸ್‌ಫಾರ್ಮರ್, ಇಂಪಿಡೆನ್ಸ್ ಶೇ. 5. ಫೇಸ್ ವೋಲ್ಟೇಜ್ 250. ಟ್ರಾನ್ಸ್‌ಫಾರ್ಮರಿನ ರಿಯಾಕ್ಟೆನ್ಸನ್ನು ಕೆಳಬದಿಗೆ ತಂದರೆ ಒಂದು ಫೇಸಿಗೆ 0.01875 ಓಮ್ ಆಗುತ್ತದೆ. ವೈಂಡಿಂಗ್, ಕೇಬಲ್, ಫ್ಯೂಸ್, ಜೋಡಣೆಗಳ ರೋಧವೆಲ್ಲ ಸೇರಿ 0.01 ಓಮ್ ಎನ್ನೋಣ. ಕೆಪಾಸಿಟರ್ ಬ್ಯಾಂಕಿನಲ್ಲಿ ತಲಾ 50 ಕೆವಿಎಆರ್‌ನ ನಾಲ್ಕು ಹಂತಗಳಿವೆ. ಹೊರೆ ನೋಡಿಕೊಂಡು ಸ್ವಯಂಚಾಲಿತ ನಿಯಂತ್ರಕ ಅವನ್ನು ಒಂದೊಂದಾಗಿ ಸೇರಿಸುತ್ತದೆ.

11 ಕಿಲೋವೋಲ್ಟ್ ಬದಿಯಿಂದ ಬರುವ ವೋಲ್ಟೇಜಿನಲ್ಲಿ ಮೂಲ 250 ವೋಲ್ಟಿನ ಜತೆಗೆ ಶೇ. 2ರಷ್ಟು 5ನೆಯದು (5 ವೋಲ್ಟ್), ಶೇ. 1ರಷ್ಟು 7ನೆಯದು (2.5 ವೋಲ್ಟ್), ಶೇ. 1ರಷ್ಟು 11ನೆಯದು (2.5 ವೋಲ್ಟ್) ಇವೆ. ಒಟ್ಟು ವಿಕೃತಿ ಶೇ. 2.45. ಕೇಂದ್ರ ವಿದ್ಯುತ್ ಪ್ರಾಧಿಕಾರದ 2007ರ ಗ್ರಿಡ್ ಸಂಪರ್ಕ ನಿಯಮಗಳಲ್ಲಿ ಹೇಳಿರುವ ಮಿತಿ ಒಟ್ಟು ಶೇ. 5, ಯಾವುದೇ ಒಂದು ಹಾರ್ಮೋನಿಕ್ ಶೇ. 3. ಆ ಅಳತೆಗೋಲಿನಿಂದ ನೋಡಿದರೆ ಈ ಪೂರೈಕೆ ಒಳ್ಳೆಯದೇ.

ಮೂರು ಹಂತಗಳು, ಅಂದರೆ 150 ಕೆವಿಎಆರ್ ಸೇರಿದಾಗ ಒಂದು ಫೇಸಿಗೆ X_C 1.25 ಓಮ್. ಅನುರಣನದ ಕ್ರಮಾಂಕ √(1.25/0.01875), ಅಂದರೆ 8.16. ನಾಲ್ಕನೆಯ ಹಂತವೂ ಸೇರಿ 200 ಕೆವಿಎಆರ್ ಆದಾಗ X_C 0.9375 ಓಮಿಗೆ ಇಳಿಯುತ್ತದೆ, ಅನುರಣನ 7.07ಕ್ಕೆ ಬರುತ್ತದೆ. 7ನೆಯ ಹಾರ್ಮೋನಿಕ್‌ನ ಪಕ್ಕದಲ್ಲೇ ಬಂದು ನಿಂತಂತಾಯಿತು.

7ನೆಯದರ ಲೆಕ್ಕವನ್ನು ಪೂರ್ತಿಯಾಗಿ ನೋಡೋಣ. ಟ್ರಾನ್ಸ್‌ಫಾರ್ಮರಿನ ರಿಯಾಕ್ಟೆನ್ಸ್ 7 ಪಟ್ಟಾಗಿ 0.13125 ಓಮ್. ಕೆಪಾಸಿಟರಿನದು ಏಳರಲ್ಲೊಂದಾಗಿ 0.13393 ಓಮ್. ಇವೆರಡರ ವ್ಯತ್ಯಾಸ 0.0027 ಓಮ್ ಮಾತ್ರ. ಅದನ್ನು 0.01 ಓಮ್ ರೋಧದೊಂದಿಗೆ ವರ್ಗವಾಗಿ ಸೇರಿಸಿದರೆ ಇಂಪಿಡೆನ್ಸ್ 0.01035 ಓಮ್. ಎರಡೂವರೆ ವೋಲ್ಟನ್ನು ಅದರಿಂದ ಭಾಗಿಸಿದರೆ 241.5 ಆಂಪಿಯರ್. ಉಳಿದವನ್ನೂ ಹೀಗೆಯೇ ಮಾಡಿದರೆ ಬರುವ ಕರೆಂಟುಗಳು, ಆಂಪಿಯರುಗಳಲ್ಲಿ:

| ಹಾರ್ಮೋನಿಕ್ | 150 ಕೆವಿಎಆರ್ | 200 ಕೆವಿಎಆರ್ |
|---|---|---|
| ಮೂಲ | 203.0 | 272.1 |
| 5 | 31.9 | 53.0 |
| 7 | 51.7 | 241.5 |
| 11 | 26.8 | 20.6 |
| ಒಟ್ಟು ಆರ್‌ಎಂಎಸ್ | 213.6 | 368.2 |

ಕೊನೆಯ ಸಾಲು ಮೇಲಿನವುಗಳ ನೇರ ಮೊತ್ತವಲ್ಲ. 200 ಕೆವಿಎಆರ್‌ಗೆ ನೇರವಾಗಿ ಕೂಡಿಸಿದರೆ 587 ಬರುತ್ತದೆ, ಅದು ತಪ್ಪು. ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದಾಗ ಬರುವ 368.2 ಸರಿ.

ಮೂರು ಹಂತಗಳಿದ್ದಾಗ ಬ್ಯಾಂಕಿನ ನಿಗದಿತ ಕರೆಂಟ್ 200 ಆಂಪಿಯರ್, ನಿಜವಾಗಿ ಹರಿದದ್ದು ಅದರ 1.07 ಪಟ್ಟು. ಯಾರಿಗೂ ತೊಂದರೆಯಿಲ್ಲ. ನಾಲ್ಕನೆಯ ಹಂತ ಸೇರಿದ ಕೂಡಲೇ ನಿಗದಿತ ಕರೆಂಟ್ 266.7 ಆಂಪಿಯರಿಗೆ ಏರಿದರೂ ಹರಿಯುವುದು ಅದರ 1.38 ಪಟ್ಟು. ಇಂಥ ಕೆಪಾಸಿಟರುಗಳಿಗೆ ಅನ್ವಯಿಸುವ ಭಾರತೀಯ ಮಾನಕ ಐಎಸ್ 13340 ಮತ್ತು ಅಂತರರಾಷ್ಟ್ರೀಯ ಮಾನಕ ಐಇಸಿ 60831 ನಿರಂತರವಾಗಿ ತಾಳಬೇಕೆಂದು ಹೇಳುವುದು 1.3 ಪಟ್ಟು ಕರೆಂಟನ್ನು. ಮಿತಿ ದಾಟಿತು. ಪೂರೈಕೆಯಲ್ಲಿ ಏನೂ ಕೆಡಲಿಲ್ಲ, ಹೊಸ ಯಂತ್ರ ಯಾವುದೂ ಬರಲಿಲ್ಲ, ಆಗಿದ್ದು ಒಂದು ಕಾಂಟ್ಯಾಕ್ಟರ್ ಮುಚ್ಚಿಕೊಂಡದ್ದು ಮಾತ್ರ.

ಶಾಖ ಇನ್ನೂ ಬೇಗ ಏರುತ್ತದೆ. ಮೂಲ ಕರೆಂಟ್ ಒಂದೇ ಇದ್ದಿದ್ದರೆ 0.01 ಓಮಿನಲ್ಲಿ ಫೇಸಿಗೆ 740 ವ್ಯಾಟ್ ಶಾಖ ಹುಟ್ಟುತ್ತಿತ್ತು. ಈಗ 1356 ವ್ಯಾಟ್. ಹೆಚ್ಚಿದ್ದರಲ್ಲಿ 583 ವ್ಯಾಟ್ 7ನೆಯ ಹಾರ್ಮೋನಿಕ್ ಒಂದರದೇ.

ವೋಲ್ಟ್‌ಮೀಟರ್ ಹೇಳದ್ದು

ಇಷ್ಟಾಗುತ್ತಿರುವಾಗ ಕಟ್ಟಡದ ಮುಖ್ಯ ಪ್ಯಾನಲಿನ ವೋಲ್ಟ್‌ಮೀಟರ್ ಏನು ತೋರಿಸುತ್ತಿರುತ್ತದೆ? ಕೆಪಾಸಿಟರಿನ ತುದಿಗಳಲ್ಲಿರುವ ವೋಲ್ಟೇಜನ್ನೂ ಹಾರ್ಮೋನಿಕ್‌ಗಳಾಗಿ ಲೆಕ್ಕ ಹಾಕಬಹುದು. ಮೂಲದ್ದು 255.1 ವೋಲ್ಟ್. 7ನೆಯದು 241.5 ಆಂಪಿಯರನ್ನು 0.13393 ಓಮಿನಿಂದ ಗುಣಿಸಿದಷ್ಟು, ಅಂದರೆ 32.3 ವೋಲ್ಟ್. ಬಂದದ್ದು ಎರಡೂವರೆ ವೋಲ್ಟ್, ಪ್ಯಾನಲಿನಲ್ಲಿ ನಿಂತದ್ದು ಅದರ 13 ಪಟ್ಟು. 5ನೆಯದು 10 ವೋಲ್ಟ್, 11ನೆಯದು ಎರಡಕ್ಕೂ ಕಡಿಮೆ. ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಒಟ್ಟು ಆರ್‌ಎಂಎಸ್ 257.3 ವೋಲ್ಟ್. ಎರಡು ವೋಲ್ಟಿನ ಏರಿಕೆಯನ್ನು ನೋಡಿ ಯಾವ ಎಲೆಕ್ಟ್ರಿಷಿಯನ್ನೂ ಅನುಮಾನಪಡುವುದಿಲ್ಲ. ಆದರೆ ಪ್ಯಾನಲಿನ ವೋಲ್ಟೇಜ್ ವಿಕೃತಿ ಈಗ ಶೇ. 13ರ ಮೇಲಿದೆ, ಶಿಖರ 361 ವೋಲ್ಟಿನಿಂದ ಹೆಚ್ಚೆಂದರೆ 423 ವೋಲ್ಟಿನವರೆಗೆ ಹೋಗಬಹುದು. ವರ್ಗಗಳ ಮೊತ್ತದಲ್ಲಿ ಸಣ್ಣ ಅಂಶಗಳು ದೊಡ್ಡದರ ಹಿಂದೆ ಮರೆಯಾಗುತ್ತವೆ. ಹಾರ್ಮೋನಿಕ್ ತೊಂದರೆಯನ್ನು ವೋಲ್ಟೇಜಿನ ಆರ್‌ಎಂಎಸ್ ನೋಡಿ ಹಿಡಿಯಲು ಹೊರಟರೆ ಯಾವಾಗಲೂ ಸೋಲು. ಕೆಪಾಸಿಟರಿನ ಕರೆಂಟ್ ನೋಡಬೇಕು.

ನೋಡುವುದೂ ಕಷ್ಟವಲ್ಲ. ಒಂದೊಂದು ಹಂತದ ತಂತಿಗೂ ಕ್ಲ್ಯಾಂಪ್ ಮೀಟರ್ ಹಾಕಿ, ಅದರ ಮೇಲೆ ಬರೆದ ಕರೆಂಟಿಗೆ ಹೋಲಿಸಬೇಕು. ಹಂತಗಳನ್ನು ಕೈಯಿಂದ ಒಂದೊಂದಾಗಿ ಸೇರಿಸುತ್ತ ಪ್ರತಿ ಬಾರಿಯೂ ಬರೆದುಕೊಂಡರೆ, ಎಲ್ಲಿ ಹಂತವೊಂದರ ಕರೆಂಟ್ ಒಮ್ಮೆಗೇ ಜಿಗಿಯುತ್ತದೋ ಅಲ್ಲಿ ಅನುರಣನವಿದೆ. ಮೊದಲೇ ಸೇರಿಸಿದ್ದ ಹಂತಗಳ ಕರೆಂಟೂ ಜತೆಗೇ ಏರುವುದು ಇದರ ಗುರುತು. ಕೆಟ್ಟುಹೋದ ಒಂದೇ ಕೆಪಾಸಿಟರ್ ಆಗಿದ್ದರೆ ಅದರ ಕರೆಂಟ್ ಮಾತ್ರ ಬದಲಾಗುತ್ತಿತ್ತು. ಉಬ್ಬಿದ ಡಬ್ಬಿ, ಕಪ್ಪಾದ ಟರ್ಮಿನಲ್, ಕಾರಣ ತಿಳಿಯದೆ ಹಾರುವ ಫ್ಯೂಸ್, ಪ್ಯಾನಲಿನ ಗುಂಯ್‌ಗುಡುವ ಸದ್ದು, ಇವೆಲ್ಲ ತಡವಾಗಿ ಬರುವ ಸಾಕ್ಷಿಗಳು.

ಮೀಟರನ್ನು ಮಾತ್ರ ನೋಡಿಕೊಂಡು ಆರಿಸಬೇಕು. ಅಗ್ಗದ ಕ್ಲ್ಯಾಂಪ್ ಮೀಟರುಗಳು ಆರ್‌ಎಂಎಸ್ ಅಳೆಯುವುದೇ ಇಲ್ಲ. ಡಯೋಡಿನಿಂದ ದಿಕ್ಕು ತಿರುಗಿಸಿದ ಕರೆಂಟಿನ ಸರಾಸರಿಯನ್ನು ಅಳೆದು ಅದನ್ನು 1.11ರಿಂದ ಗುಣಿಸಿ ತೋರಿಸುತ್ತವೆ. ಸೈನ್‌ಗೆ ಈ ಗುಣಾಂಕ ಸರಿ. ಚೌಕ ತರಂಗ ಕೊಟ್ಟರೆ ಶೇ. 11 ಹೆಚ್ಚು ತೋರಿಸುತ್ತವೆ, ಕಂಪ್ಯೂಟರುಗಳ ಚೂಪು ಶಿಖರದ ಕರೆಂಟಿಗೆ ಕಡಿಮೆ ತೋರಿಸುತ್ತವೆ. ಮೇಲೆ ‘ಟ್ರೂ ಆರ್‌ಎಂಎಸ್’ ಎಂದು ಬರೆದಿರುವ, ಕನಿಷ್ಠ ಕೆಲವು ನೂರು ಹರ್ಟ್ಸಿನವರೆಗೂ ಸರಿಯಾಗಿ ಅಳೆಯುವ ಮೀಟರೇ ಬೇಕು.

ಲೆಕ್ಕ ಎಷ್ಟು ನಾಜೂಕು

ಮೇಲಿನ ಲೆಕ್ಕದಲ್ಲಿ ಟ್ರಾನ್ಸ್‌ಫಾರ್ಮರಿನ ಆಚೆಗಿನ ಫೀಡರಿಗೆ ರಿಯಾಕ್ಟೆನ್ಸೇ ಇಲ್ಲವೆಂದು ಹಿಡಿಯಲಾಗಿತ್ತು. ನಿಜದಲ್ಲಿ ಇರುತ್ತದೆ. ಆ ಜಾಗದ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ 100 ಎಂವಿಎ ಎಂದಾದರೆ ಅದು ಟ್ರಾನ್ಸ್‌ಫಾರ್ಮರಿನದರ ಹತ್ತರಲ್ಲೊಂದು. ಇಷ್ಟು ಸೇರಿಸಿದರೆ ಅನುರಣನ 6.74ಕ್ಕೆ ಸರಿಯುತ್ತದೆ, 7ನೆಯದರ ಕರೆಂಟ್ 173 ಆಂಪಿಯರಿಗೆ ಇಳಿಯುತ್ತದೆ, ಒಟ್ಟು ಆರ್‌ಎಂಎಸ್ 329 ಆಂಪಿಯರ್. ನಿಗದಿತದ 1.23 ಪಟ್ಟು, ಅಂದರೆ ಮಿತಿಯ ಒಳಗೆ. ಲೆಕ್ಕ ಹಾಕಿದವರು ನೆಮ್ಮದಿಯಾಗಿರಬಹುದು ಎನಿಸುತ್ತದೆ.

ಆದರೆ ಇಂದಿನ ಪಾಲಿಪ್ರೊಪಿಲೀನ್ ಹಾಳೆಯ ಕೆಪಾಸಿಟರುಗಳು ತಮ್ಮೊಳಗಿನ ಸಣ್ಣ ಸಣ್ಣ ಸಿಡಿತಗಳನ್ನು ತಾವೇ ವಾಸಿ ಮಾಡಿಕೊಳ್ಳುವಂಥವು. ಪ್ರತಿ ಸಿಡಿತದಲ್ಲೂ ಲೋಹದ ಲೇಪ ಒಂದಿಷ್ಟು ಆವಿಯಾಗಿ ಧಾರಣ ಸಾಮರ್ಥ್ಯ ಸ್ವಲ್ಪ ಕುಗ್ಗುತ್ತದೆ. ಹೀಗೆ ಬ್ಯಾಂಕು ಶೇ. 7ರಷ್ಟು ಕುಗ್ಗಿದಾಗ ಅನುರಣನ 6.74ರಿಂದ ನೇರವಾಗಿ 7ಕ್ಕೆ ಬಂದು ಕೂರುತ್ತದೆ, 7ನೆಯದರ ಕರೆಂಟ್ 250 ಆಂಪಿಯರ್ ಆಗುತ್ತದೆ. ಹಾಕಿದ ದಿನ ಸರಿಯಾಗಿದ್ದ ಬ್ಯಾಂಕು ಕೆಲವು ವರ್ಷದ ಮೇಲೆ ಸುಡಲು ಇದೊಂದು ದಾರಿ. ಏರಿದ ಕರೆಂಟ್ ಇನ್ನಷ್ಟು ಕಾವು ತಂದು ಕುಗ್ಗುವಿಕೆಯನ್ನು ವೇಗಗೊಳಿಸುತ್ತದೆ.

ರೋಧದ ಮೌಲ್ಯವೂ ಅಷ್ಟೇ ಅನಿಶ್ಚಿತ. ಅನುರಣನದಲ್ಲಿ ಕರೆಂಟನ್ನು ತಡೆಯುವುದು R ಮಾತ್ರವಾದ್ದರಿಂದ ಅದರ ಅಂದಾಜು ಅರ್ಧಕ್ಕೆ ಇಳಿದರೆ ಆ ಹಾರ್ಮೋನಿಕ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕಟ್ಟಡದಲ್ಲಿ ಹೊರೆ ಇರುವಾಗ ಅದೂ ಈ ಅನುರಣನವನ್ನು ತಗ್ಗಿಸುತ್ತದೆ. ಕಚೇರಿ ಖಾಲಿಯಾದ ರಾತ್ರಿಯಲ್ಲಿ ಆ ತಡೆ ಇರುವುದಿಲ್ಲ, ಪೂರೈಕೆಯ ವೋಲ್ಟೇಜೂ ಏರಿರುತ್ತದೆ. ನಿಯಂತ್ರಕವನ್ನು ಕೈಚಾಲನೆಗೆ ಹಾಕಿ ಎಲ್ಲ ಹಂತಗಳನ್ನೂ ಸೇರಿಸಿಟ್ಟು ಮನೆಗೆ ಹೋಗುವ ಅಭ್ಯಾಸವಿರುವ ಕಡೆ ಕೆಪಾಸಿಟರುಗಳು ರಾತ್ರಿಯಲ್ಲೇ ಕೆಡಲು ಇದು ಕಾರಣ.

ರಿಯಾಕ್ಟರ್ ಸೇರಿಸಿದಾಗ

ಅನುರಣನವನ್ನು ಇಲ್ಲವಾಗಿಸಲು ಆಗುವುದಿಲ್ಲ. ಹಾರ್ಮೋನಿಕ್ ಇಲ್ಲದ ಜಾಗಕ್ಕೆ ಅದನ್ನು ಸರಿಸಬಹುದು. ಪ್ರತಿ ಕೆಪಾಸಿಟರಿಗೂ ಸರಣಿಯಲ್ಲಿ ಅದರ ರಿಯಾಕ್ಟೆನ್ಸಿನ ಶೇ. 7ರಷ್ಟಿರುವ ಇಂಡಕ್ಟರ್ ಹಾಕುವುದು ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಪರಿಹಾರ. ಆಗ ಆ ಜೋಡಿಯ ಅನುರಣನ 1/√0.07, ಅಂದರೆ 3.78ನೆಯ ಕ್ರಮಾಂಕದಲ್ಲಿ, 189 ಹರ್ಟ್ಸಿನಲ್ಲಿ ನಿಲ್ಲುತ್ತದೆ. 5 ಮತ್ತು ಅದಕ್ಕಿಂತ ಮೇಲಿನ ಎಲ್ಲ ಹಾರ್ಮೋನಿಕ್‌ಗಳಿಗೂ ಇದು ಇಂಡಕ್ಟರಿನಂತೆಯೇ ಕಾಣುತ್ತದೆ. ನಮ್ಮ 200 ಕೆವಿಎಆರ್ ಬ್ಯಾಂಕಿಗೆ ಇದನ್ನು ಹಾಕಿ ಮೊದಲಿನ ವೋಲ್ಟೇಜನ್ನೇ ಕೊಟ್ಟರೆ ಮೂಲ ಕರೆಂಟ್ 293, 5ನೆಯದು 21, 7ನೆಯದು ಐದೂವರೆ, 11ನೆಯದು 3 ಆಂಪಿಯರ್. ಒಟ್ಟು ಆರ್‌ಎಂಎಸ್ 293.8. ಹಾರ್ಮೋನಿಕ್‌ಗಳೆಲ್ಲ ಸೇರಿ ಒಂದು ಆಂಪಿಯರನ್ನೂ ಹೆಚ್ಚಿಸಲಿಲ್ಲ.

ಆದರೆ ಮೂಲ ಕರೆಂಟೇ 272ರಿಂದ 293ಕ್ಕೆ ಏರಿದ್ದನ್ನು ಗಮನಿಸಬೇಕು. ಇಂಡಕ್ಟರ್ ಮತ್ತು ಕೆಪಾಸಿಟರುಗಳ ವೋಲ್ಟೇಜು ಒಂದಕ್ಕೊಂದು ವಿರುದ್ಧವಾಗಿರುವುದರಿಂದ ಕೆಪಾಸಿಟರಿನ ಮೇಲೆ ಪೂರೈಕೆಗಿಂತ ಹೆಚ್ಚು ವೋಲ್ಟೇಜ್ ಬೀಳುತ್ತದೆ: ಇಲ್ಲಿ ಫೇಸಿಗೆ 275, ಲೈನಿಗೆ 476 ವೋಲ್ಟ್. ಹಳೆಯ 440 ವೋಲ್ಟಿನ ಡಬ್ಬಿಗಳನ್ನೇ ಉಳಿಸಿಕೊಂಡು ಅವುಗಳ ಮುಂದೆ ರಿಯಾಕ್ಟರ್ ಜೋಡಿಸಿದರೆ ಹಾರ್ಮೋನಿಕ್‌ನಿಂದ ಉಳಿದ ಕೆಪಾಸಿಟರ್ ವೋಲ್ಟೇಜಿನಿಂದ ಕೆಡುತ್ತದೆ. ಅದಕ್ಕಾಗಿಯೇ 480 ಅಥವಾ 525 ವೋಲ್ಟಿನವನ್ನು ಕೊಳ್ಳುತ್ತಾರೆ. ಆಗ ಡಬ್ಬಿಯ ಮೇಲಿನ ಕೆವಿಎಆರ್ ಅಂಕಿಯೂ ಬದಲಾಗುತ್ತದೆ. 433 ವೋಲ್ಟಿನಲ್ಲಿ 200 ಕೊಡುವ ಕೆಪಾಸಿಟರಿನ ಮೇಲೆ 525 ವೋಲ್ಟಿಗೆ 294 ಎಂದು ಬರೆದಿರುತ್ತದೆ. ಇದನ್ನು ನೋಡದೆ ಅಂಕಿ ಹೊಂದಿಸಿ ಕೊಂಡರೆ ರಿಯಾಕ್ಟರಿಗೂ ಕೆಪಾಸಿಟರಿಗೂ ತಾಳೆ ತಪ್ಪಿ ಅನುರಣನ 189 ಹರ್ಟ್ಸಿನಿಂದ ಮೇಲಕ್ಕೆ, 5ನೆಯದರ ಕಡೆಗೆ ಸರಿಯುತ್ತದೆ. ಒಂದೇ ಪ್ಯಾನಲಿನಲ್ಲಿ ಕೆಲವು ಹಂತಗಳಿಗೆ ರಿಯಾಕ್ಟರ್ ಹಾಕಿ ಕೆಲವನ್ನು ಹಾಗೇ ಬಿಡುವುದೂ ಅಷ್ಟೇ ಅಪಾಯಕರ. ರಿಯಾಕ್ಟರ್ ಇಲ್ಲದವು ಟ್ರಾನ್ಸ್‌ಫಾರ್ಮರಿನೊಂದಿಗೆ ಮೊದಲಿನಂತೆಯೇ ಅನುರಣಿಸುತ್ತವೆ.

ನ್ಯೂಟ್ರಲ್

ಕೆಳಬದಿಯ ನಾಲ್ಕು ತಂತಿಯ ಜಾಲದಲ್ಲಿ 3ನೆಯ ಹಾರ್ಮೋನಿಕ್‌ಗೆ ದಾರಿ ಸಿಗುತ್ತದೆ. ಮೂರು ಫೇಸುಗಳ ಮೂಲ ಕರೆಂಟುಗಳು 120 ಡಿಗ್ರಿ ಅಂತರದಲ್ಲಿದ್ದು ನ್ಯೂಟ್ರಲಿನಲ್ಲಿ ಕಳೆದುಹೋಗುತ್ತವೆ. 3ನೆಯದರ ಕೋನ ಮೂರು ಪಟ್ಟಾಗಿ 360 ಡಿಗ್ರಿಯಾಗುವುದರಿಂದ ಮೂರೂ ಒಂದೇ ಹೊತ್ತಿಗೆ ಏರಿ ಇಳಿದು ನ್ಯೂಟ್ರಲಿನಲ್ಲಿ ನೇರವಾಗಿ ಕೂಡಿಕೊಳ್ಳುತ್ತವೆ. ಕಂಪ್ಯೂಟರುಗಳ ಹೊರೆಯಿಂದ ಪ್ರತಿ ಫೇಸಿನಲ್ಲೂ 100 ಆಂಪಿಯರ್ ಮೂಲ ಮತ್ತು 70 ಆಂಪಿಯರ್ 3ನೆಯದು ಇದ್ದರೆ ಫೇಸಿನ ಆರ್‌ಎಂಎಸ್ 122 ಆಂಪಿಯರ್, ನ್ಯೂಟ್ರಲಿನದು 210. ಬೇರೆ ಬೇರೆ ಆವರ್ತಾಂಕಗಳಾಗಿದ್ದಾಗ ವರ್ಗಗಳ ಮೊತ್ತ, ಒಂದೇ ಆವರ್ತಾಂಕವಾದರೆ ಕೋನ ನೋಡಿಕೊಂಡು ನೇರ ಮೊತ್ತ. ಈ ಎರಡನ್ನೂ ಒಂದೇ ತಂತಿಯಲ್ಲಿ ನೋಡಲು ಸಿಗುವ ಜಾಗ ನ್ಯೂಟ್ರಲ್. ಫೇಸಿನ ಅರ್ಧ ದಪ್ಪದ ನ್ಯೂಟ್ರಲ್ ತಂತಿ ಹಾಕಿದ ಹಳೆಯ ವೈರಿಂಗ್ ಇಂಥ ಹೊರೆಗೆ ತಡೆಯುವುದಿಲ್ಲ.

ವಿಧಾನದ ಎಲ್ಲೆಗಳು

ಎಲ್ಲವೂ ರೇಖೀಯತೆಯ ಮೇಲೆ ನಿಂತಿದೆ. ಟ್ರಾನ್ಸ್‌ಫಾರ್ಮರ್, ಕೇಬಲ್, ಕೆಪಾಸಿಟರುಗಳನ್ನು ರೇಖೀಯವೆಂದು ಹಿಡಿಯಬಹುದು. ರೆಕ್ಟಿಫೈಯರನ್ನು ಹಾಗೆ ಹಿಡಿಯಲಾಗದು. ಅದರ ಒಂದು ಹಾರ್ಮೋನಿಕ್ ಕರೆಂಟ್ ಇನ್ನೊಂದು ಹಾರ್ಮೋನಿಕ್ ವೋಲ್ಟೇಜಿನಿಂದ ಬದಲಾಗುತ್ತದೆ, ಆದ್ದರಿಂದ ಅದನ್ನು ನಿಗದಿತ ಕರೆಂಟಿನ ಆಕರವೆಂದು ಭಾವಿಸಿ ಉಳಿದ ಮಂಡಲಕ್ಕೆ ಮಾತ್ರ ಈ ವಿಧಾನ ಬಳಸುತ್ತಾರೆ. ರಿಯಾಕ್ಟರಿನ ಕಬ್ಬಿಣದ ತಿರುಳು ಹೆಚ್ಚಿನ ಕರೆಂಟಿನಲ್ಲಿ ಕಾಂತೀಯವಾಗಿ ತುಂಬಿಕೊಂಡರೆ ಅದರ L ಇಳಿದು ಅನುರಣನ ಮೇಲಕ್ಕೆ ಜಾರುತ್ತದೆ. ಕೆಪಾಸಿಟರ್ ಸೇರಿಸಿದ ಕ್ಷಣದಲ್ಲಿ ಬರುವ ಭಾರಿ ಕರೆಂಟೂ ಇಲ್ಲಿನ ಸೂತ್ರಗಳಿಗೆ ಸಿಗುವುದಿಲ್ಲ. ಅವು ಹೇಳುವುದು ಆ ಗಲಿಬಿಲಿ ಅಡಗಿದ ಮೇಲಿನ ಸ್ಥಿತಿಯನ್ನು.

ಆಕರ ಆವರ್ತಕವಾಗಿರಬೇಕು ಎಂಬುದು ಇನ್ನೊಂದು ಷರತ್ತು. ಆರ್ಕ್ ಕುಲುಮೆಯ ಕರೆಂಟ್ ಒಂದು ಆವರ್ತದಿಂದ ಮುಂದಿನದಕ್ಕೆ ಹಾಗೇ ಇರುವುದಿಲ್ಲ, ಅದರಲ್ಲಿ 50ರ ಗುಣಕವಲ್ಲದ ಆವರ್ತಾಂಕಗಳೂ ಬರುತ್ತವೆ. ಅಂಥ ಕಡೆ 20 ಮಿಲಿಸೆಕೆಂಡಿನ ಒಂದೇ ಆವರ್ತವನ್ನು ಅಳೆದು ಬಿಡಿಸಿದರೆ ತಪ್ಪು ಚಿತ್ರ ಸಿಗುತ್ತದೆ. ಐಇಸಿ 61000-4-7 ಮಾನಕ 50 ಹರ್ಟ್ಸಿನ ಜಾಲಗಳಿಗೆ ಹತ್ತು ಆವರ್ತಗಳ, ಅಂದರೆ 200 ಮಿಲಿಸೆಕೆಂಡಿನ ಅಳತೆಯನ್ನು ಒಟ್ಟಿಗೆ ತೆಗೆದುಕೊಳ್ಳಲು ಹೇಳುತ್ತದೆ. ಆಗ 5 ಹರ್ಟ್ಸಿಗೊಂದರಂತೆ ಅಂಶಗಳು ಸಿಗುತ್ತವೆ. ಅವುಗಳನ್ನು ಹಾರ್ಮೋನಿಕ್‌ನ ಅಕ್ಕಪಕ್ಕ ಗುಂಪುಗೂಡಿಸುವಾಗಲೂ ಕೂಡಿಸುವುದು ವರ್ಗಗಳನ್ನೇ.